‘ರೀಫಂಡ್’ ಅಂತ ಬಂದ ರಿಕ್ವೆಸ್ಟ್‌ಗೆ ಪಿನ್ ಹಾಕಿದ್ರೆ ನಮ್ಮ ದುಡ್ಡೇ ಯಾಕೆ ಹೋಗುತ್ತೆ?

ಹಾಸನದ ಸಾಲಗಾಮೆ ರಸ್ತೆಲಿರೋ ನಮ್ಮ ಚಿಕ್ಕಮ್ಮ 2025ರ ಮಾರ್ಚಲ್ಲಿ ಆನ್‌ಲೈನಲ್ಲಿ 1,499 ರೂಪಾಯಿದೊಂದು ಸೀರೆ ತರಿಸಿದ್ರು, ದುಡ್ಡು ಡೆಲಿವರಿ ಹುಡುಗನ ಕೈಗೇ ಕೊಟ್ಟಿದ್ರು, ಆಮೇಲೆ ಬಣ್ಣ ಫೋಟೋದಲ್ಲಿದ್ದ ಹಾಗಿಲ್ಲ ಅಂತ ವಾಪಸ್ ಕಳ್ಸಿದ್ರು. ನಾಲ್ಕು ದಿನ ಆದ್ರೂ ದುಡ್ಡು ಬರ್ಲಿಲ್ಲ. ಕಸ್ಟಮರ್ ಕೇರ್ ನಂಬರ್ ಅಂತ ಇಂಟರ್ನೆಟ್ಟಲ್ಲಿ ಹುಡುಕಿ ಸಿಕ್ಕಿದ್ದೊಂದಕ್ಕೆ ಫೋನ್ ಮಾಡಿದ್ರೆ ಆ ಕಡೆಯವನು ಬಹಳ ಮರ್ಯಾದೆಯಿಂದ, ‘ಮೇಡಂ, ನೀವು ಕ್ಯಾಶ್ ಕೊಟ್ಟಿದೀರಲ್ಲ, ಅದಕ್ಕೆ ನಾವೇ ಯುಪಿಐಗೆ ಹಾಕ್ಬೇಕು, ಐಡಿ ಹೇಳಿ, ಒಂದು ರಿಕ್ವೆಸ್ಟ್ ಬರುತ್ತೆ, ಓಕೆ ಮಾಡಿ ಪಿನ್ ಹಾಕಿ’ ಅಂದ. ರಿಕ್ವೆಸ್ಟ್ ಬಂತು, ಅದ್ರಲ್ಲಿ ರೀಫಂಡ್ 1499 ಅಂತಾನೇ ಬರೆದಿತ್ತು. ಪಿನ್ ಹಾಕಿದ್ರು, 1,499 ಹೋಯ್ತು. ‘ಸರ್ವರ್ ಪ್ರಾಬ್ಲಂ ಮೇಡಂ, ಎರಡೂ ಸೇರಿಸಿ ವಾಪಸ್ ಬರುತ್ತೆ’ ಅಂತ ಇನ್ನೊಂದು ಕಳ್ಸಿದ, 1,999. ಅದೂ ಹೋಯ್ತು.

ಇಲ್ಲಿ ನಡೆದಿದ್ದೇನು ಅಂತ ಒಂದೊಂದೇ ಹೆಜ್ಜೆ ನೋಡೋಣ. ಯುಪಿಐನಲ್ಲಿ ದುಡ್ಡು ಎರಡು ದಾರಿಲಿ ಹೋಗುತ್ತೆ. ಒಂದು, ನಾವೇ ಕಳಿಸೋದು. ಇನ್ನೊಂದು, ಬೇರೆಯವರು ‘ನನಗೆ ಇಷ್ಟು ಕೊಡಿ’ ಅಂತ ಕೇಳೋದು, ಇದೇ ಕಲೆಕ್ಟ್ ರಿಕ್ವೆಸ್ಟ್. ಕೇಳೋನು ಅವನ ಆ್ಯಪಲ್ಲಿ ನಮ್ಮ ಯುಪಿಐ ಐಡಿ ಹಾಕ್ತಾನೆ, ಮೊತ್ತ ಹಾಕ್ತಾನೆ, ಕೆಳಗೆ ಯಾಕೆ ಅಂತ ಬರೆಯೋಕೆ ಒಂದು ಖಾಲಿ ಜಾಗ ಇರುತ್ತೆ, ಅಲ್ಲಿ ಏನು ಬೇಕಾದ್ರೂ ಬರೀಬಹುದು. ಬಾಡಿಗೆ ಅಂತ ಬರೀಬಹುದು, ಹಾಲಿನ ಲೆಕ್ಕ ಅಂತ ಬರೀಬಹುದು, ರೀಫಂಡ್ ಅಂತಾನೂ ಬರೀಬಹುದು. ಅದನ್ನ ಯಾರೂ ಚೆಕ್ ಮಾಡಲ್ಲ, ಲಕೋಟೆ ಮೇಲೆ ಕಳಿಸಿದವನೇ ಬರೆದ ಮಾತು ಇದ್ದ ಹಾಗೆ ಅಷ್ಟೇ.

ನಾವು ಪಿನ್ ಹಾಕಿದ ತಕ್ಷಣ ಅದು ನಮ್ಮ ಬ್ಯಾಂಕಿಗೆ ಹೋಗುತ್ತೆ, ಅವನ ಬ್ಯಾಂಕಿಗಲ್ಲ. ನಮ್ಮ ಬ್ಯಾಂಕು ಪಿನ್ ಸರಿ ಇದ್ಯಾ, ಖಾತೆಲಿ ದುಡ್ಡಿದ್ಯಾ ಅಂತ ನೋಡಿ ಕೇಳಿದವನಿಗೆ ಕಳಿಸಿಬಿಡುತ್ತೆ, ರೀಫಂಡ್ ಅನ್ನೋ ಪದಕ್ಕೆ ಅಲ್ಲಿ ಯಾವ ಬೆಲೆನೂ ಇಲ್ಲ. ಪಿನ್ ಅಂದ್ರೆ ನಮ್ಮ ಖಾತೆಯಿಂದ ತೆಗಿಯೋಕೆ ನಾವು ಹಾಕೋ ಸಹಿ. ಬ್ಯಾಲೆನ್ಸ್ ನೋಡೋಕೆ ಪಿನ್ ಬೇಕು, ದುಡ್ಡು ಕೊಡೋಕೆ ಬೇಕು, ಆದ್ರೆ ದುಡ್ಡು ಬರೋಕೆ ಪಿನ್ನೂ ಬೇಡ, ಓಕೆ ಒತ್ತೋದೂ ಬೇಡ, ಫೋನ್ ಸ್ವಿಚ್ ಆಫ್ ಆಗಿದ್ರೂ ದುಡ್ಡು ಬಂದು ಬೀಳುತ್ತೆ.

ಹಾಗಾದ್ರೆ ಗೊತ್ತಾಗೋದು ಹೇಗೆ? ರಿಕ್ವೆಸ್ಟ್ ಬಂದಾಗ ಕಳಿಸಿದವರು ಬರೆದಿದ್ದನ್ನ ಬಿಟ್ಟು ಆ್ಯಪ್ ಬರೆದಿರೋದನ್ನ ಓದ್ಬೇಕು. ಬಟನ್ ಮೇಲೆ Pay ಅಂತ ಇರುತ್ತೆ, ಪಕ್ಕದಲ್ಲೇ Decline ಇರುತ್ತೆ. ಫೋನಲ್ಲಿ ಮಾತಾಡ್ತಾ ಇರೋನು ‘ಬೇಗ ಮೇಡಂ, ಟೈಂ ಔಟ್ ಆಗುತ್ತೆ’ ಅಂತ ಅವಸರ ಮಾಡೋದು ಅದನ್ನ ಓದೋಕೆ ಬಿಡಬಾರದು ಅಂತಾನೇ. ಮೊದಲು ಫೋನ್ ಕಟ್ ಮಾಡಿ, ಆಮೇಲೆ Decline ಒತ್ತಿ, ಆ ಐಡಿನ ಬ್ಲಾಕ್ ಮಾಡಿ. ನಿಜವಾದ ರೀಫಂಡ್ ಎಲ್ಲಿದೆ ಅಂತ ತರಿಸಿದ ಆ್ಯಪಿನ ಆರ್ಡರ್ ಪೇಜಲ್ಲೇ ನೋಡಿ, ಕಸ್ಟಮರ್ ಕೇರ್ ನಂಬರ್ ಕೂಡ ಅಲ್ಲಿಂದಾನೇ ತಗೊಳ್ಳಿ.

ಚಿಕ್ಕಮ್ಮನ ಕೇಸಲ್ಲಿ ಮೊತ್ತ ಎರಡೂ ಸಲ 2,000ದ ಒಳಗೇ ಇತ್ತು ನೋಡಿ. ಆಗ ಒಬ್ಬ ವ್ಯಕ್ತಿ ಇನ್ನೊಬ್ಬರಿಂದ ಒಂದು ಸಲಕ್ಕೆ ಅಷ್ಟೇ ಕೇಳಬಹುದಿತ್ತು, ಅದಕ್ಕೇ ತುಂಡು ತುಂಡಾಗಿ ಕೇಳೋದು. 2025ರ ಅಕ್ಟೋಬರ್ 1ರಿಂದ ಯುಪಿಐ ನಡೆಸೋ ಸಂಸ್ಥೆ ಎನ್‌ಪಿಸಿಐ ವ್ಯಕ್ತಿಯಿಂದ ವ್ಯಕ್ತಿಗೆ ಹೋಗೋ ಈ ರಿಕ್ವೆಸ್ಟನ್ನೇ ನಿಲ್ಲಿಸ್ತು, ಒಳ್ಳೆ ಕೆಲಸ. ಆದ್ರೆ ಆ ನಿಯಮ ಅಂಗಡಿ, ಕಂಪನಿ ಹೆಸರಲ್ಲಿ ಬರೋ ರಿಕ್ವೆಸ್ಟಿಗೆ ಅನ್ವಯಿಸಲ್ಲ, ಹಾಗೇ ‘ರೀಫಂಡ್ ಬೇಕಾದ್ರೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅನ್ನೋದೂ ಇದೇ ಆಟದ ಇನ್ನೊಂದು ವೇಷ, ಅಲ್ಲೂ ಕೊನೆಗೆ ಕೇಳೋದು ಪಿನ್ನೇ.

ದುಡ್ಡು ಹೋಗೇಬಿಟ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ cybercrime.gov.in ನಲ್ಲಿ ದೂರು ಹಾಕಿ. ವಹಿವಾಟಿನ 12 ಅಂಕಿ ನಂಬರು, ಮೊತ್ತ, ಸಮಯ ಕೈಲಿರ್ಲಿ. ಕದ್ದವನು ಇನ್ನೂ ತೆಗೆದಿಲ್ಲ ಅಂದ್ರೆ ಆ ದುಡ್ಡನ್ನ ಅವನ ಬ್ಯಾಂಕಲ್ಲೇ ತಡೆಹಿಡಿಯೋಕೆ ಆಗುತ್ತೆ, ಅದಕ್ಕೇ ಒಂದೊಂದು ನಿಮಿಷಾನೂ ಲೆಕ್ಕ. ನಿಮ್ಮ ಬ್ಯಾಂಕಿಗೂ ಹೇಳಿ, ಆದ್ರೆ ಪಿನ್ ನೀವೇ ಹಾಕಿದ್ರಿಂದ ಬ್ಯಾಂಕು ತಾನಾಗೇ ಭರ್ತಿ ಮಾಡಿಕೊಡೋದು ಕಷ್ಟ.

ಚಿಕ್ಕಮ್ಮ ನಮಗೆ ಹೇಳಿದ್ದು ಮಾರನೇ ದಿನ, ಅಷ್ಟೊತ್ತಿಗೆ ತಡ ಆಗಿತ್ತು, 3,498 ಸಿಗ್ಲೇ ಇಲ್ಲ. ಸೀರೆ ವಾಪಸ್ ಕಳಿಸುವಾಗ ಆರ್ಡರ್ ಪೇಜಲ್ಲಿ ಅವರೇ ಬ್ಯಾಂಕ್ ಖಾತೆ ನಂಬರ್ ತುಂಬಿದ್ರಂತೆ, ಅದು ಮರೆತೇಹೋಗಿತ್ತು. ಇದಾಗಿ ಮೂರು ದಿನಕ್ಕೆ ಬೆಳಿಗ್ಗೆ ರೊಟ್ಟಿ ತಟ್ತಾ ಇರುವಾಗ ಫೋನಿಗೊಂದು ಮೆಸೇಜ್ ಬಂತು, ಸೀರೆಯ 1,499 ಜಮಾ ಆಗಿದೆ ಅಂತ. ಅವರು ಫೋನ್ ಮುಟ್ಟೂ ಇರ್ಲಿಲ್ಲ.