ತಿಂಗಳಿಗೆ 13,500 ಉಳಿಯುತ್ತೆ ಅಂದುಕೊಂಡಿದ್ದೆ, ಉಳಿಯುತ್ತಿದ್ದದ್ದು 900

ಬೈಕಿನ ಮಾತು ಬಂದಾಗಲೇ ನಾನು ಈ ಲೆಕ್ಕಕ್ಕೆ ಕೂತದ್ದು. ನಮ್ಮವರ ಹಳೇ ಬೈಕು ತಿಂಗಳಿಗೊಂದು ಸಲ ಮೆಕ್ಯಾನಿಕ್ ಹತ್ತಿರ ಹೋಗುತ್ತಿತ್ತು. ಹೊಸದಕ್ಕೆ ಕಂತು 3,200 ಬೀಳುತ್ತದೆ ಅಂತ ಶೋರೂಮಿನಲ್ಲಿ ಹೇಳಿದ್ದರು. ‘ನಮಗೆ ಆಗುತ್ತಾ ನೋಡು’ ಅಂದರು. ನಾನು ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆ.

ಮೊದಲು ಬರುವ ದುಡ್ಡು. ನಮ್ಮವರ ಸಂಬಳ 30,000. ಮನೆಯಲ್ಲೇ ನಾನು ಹೊಲಿಗೆ ಮಾಡುತ್ತೇನೆ, ಆ ತಿಂಗಳು ಬಂದದ್ದು 11,500. ಮಹಡಿ ಮೇಲಿನ ಒಂದು ರೂಮಿನ ಬಾಡಿಗೆ 4,500. ಗೃಹಲಕ್ಷ್ಮಿ 2,000. ಒಟ್ಟು 48,000.

ಆಮೇಲೆ ಪ್ರತಿ ತಿಂಗಳೂ ಅಷ್ಟೇ ಹೋಗುವ ಖರ್ಚು. ಮನೆ ಸಾಲದ ಕಂತು 11,200, ಚೀಟಿ 3,000, ಇಬ್ಬರು ಮಕ್ಕಳ ಸ್ಕೂಲ್ ವ್ಯಾನ್ 2,400, ಹಾಲು 1,400, ಅತ್ತೆಯ ಬಿಪಿ, ಶುಗರ್ ಮಾತ್ರೆ 1,300, ಮೊಬೈಲ್ ಮತ್ತು ಇಂಟರ್‌ನೆಟ್ 1,100. ಇದು 20,400. ಹೆಚ್ಚು ಕಡಿಮೆ ಆಗುವ ಖರ್ಚು ಬೇರೆ ಬರೆದೆ: ದಿನಸಿ, ತರಕಾರಿ, ಪೆಟ್ರೋಲು, ಗ್ಯಾಸ್, ಭಾನುವಾರದ ಕೋಳಿ, ಹೊರಗಿನ ತಿಂಡಿ. ಅದು 14,100. ಎರಡೂ ಸೇರಿ 34,500. ಕಳೆದರೆ 13,500 ಉಳಿಯಿತು.

ಹಾಳೆ ನೋಡಿ ನಮ್ಮವರಿಗೆ ಖುಷಿಯಾಯಿತು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ತಿಂಗಳಿಗೆ ಇಷ್ಟು ಉಳಿಯುವ ಮನೆಯಲ್ಲಿ ಪ್ರತಿ ಜೂನ್‌ನಲ್ಲೂ ಸ್ಕೂಲ್ ಫೀಸಿಗೆ ನನ್ನ ಸರ ಯಾಕೆ ಅಡ ಇಡಬೇಕು, ಅಲ್ವಾ?

ಹಾಗಾಗಿ ಬೈಕಿನ ವಿಷಯ ಒಂದು ತಿಂಗಳು ಮುಂದಕ್ಕೆ ಹಾಕಿದೆವು. ಮಾರ್ಚ್ 1ರ ಬೆಳಿಗ್ಗೆ ಇಬ್ಬರ ಖಾತೆಯಲ್ಲಿ ಇದ್ದದ್ದು, ಡಬ್ಬದಲ್ಲಿ ಇದ್ದದ್ದು, ನಮ್ಮವರ ಜೇಬಿನಲ್ಲಿ ಇದ್ದದ್ದು ಎಲ್ಲಾ ಕೂಡಿದೆ. 8,200 ಇತ್ತು. ಮಾರ್ಚ್ 31ರ ರಾತ್ರಿ ಅದನ್ನೇ ಮತ್ತೆ ಕೂಡಿದೆ. 13,600. ಅಂದರೆ ನಿಜವಾಗಿ ಜಾಸ್ತಿ ಆದದ್ದು 5,400. ಹಾಳೆಯಲ್ಲಿ ಬರೆದ ಮೊತ್ತಗಳು ಮಾರ್ಚ್‌ನಲ್ಲೂ ಅಷ್ಟಷ್ಟೇ ಇದ್ದವು. ಹಾಳೆಯ ಲೆಕ್ಕ ಸರಿ ಇದ್ದಿದ್ದರೆ 13,500 ಜಾಸ್ತಿ ಆಗಬೇಕಿತ್ತು. 8,100 ರೂಪಾಯಿ ಎಲ್ಲಿ ಹೋಯಿತು? ಯಾರೇ ಈ ಲೆಕ್ಕ ಮಾಡಿದರೂ ಈ ಎರಡು ದಿನದ ಕೂಡಿಕೆ ಬಿಡಬೇಡಿ. ಹಾಳೆಯಲ್ಲಿ ಉಳಿದದ್ದು ಕೈಯಲ್ಲೂ ಉಳಿಯಿತಾ ಅಂತ ನೋಡುವುದಕ್ಕೆ ನನಗೆ ಬೇರೆ ದಾರಿ ಸಿಗಲಿಲ್ಲ.

ಹುಡುಕುತ್ತಾ ಹೋದೆ. ಮೊದಲ ತಪ್ಪು ಸಂಬಳದಲ್ಲೇ ಸಿಕ್ಕಿತು. 30,000 ಅನ್ನುವುದು ಸ್ಲಿಪ್ಪಿನ ಮೇಲಿನ ಸಾಲು. ಪಿಎಫ್ 1,800, ವೃತ್ತಿ ತೆರಿಗೆ 200 ಹಿಡಿದು ಖಾತೆಗೆ ಬರುವುದು 28,000. ಪಿಎಫ್ ನಮ್ಮದೇ ದುಡ್ಡು, ಸರಿ. ಆದರೆ ಈ ತಿಂಗಳ ದಿನಸಿಗೆ ಅದು ಸಿಗುವುದಿಲ್ಲ. ಹಾಗಾಗಿ ಖಾತೆಗೆ ಬಿದ್ದದ್ದನ್ನೇ ಬರೆಯಬೇಕು.

ಎರಡನೆಯದು ನನ್ನದೇ ತಪ್ಪು. ಹೊಲಿಗೆಯಿಂದ 11,500 ಬಂದಿತ್ತು ನಿಜ. ಆದರೆ ಲೈನಿಂಗ್ ಬಟ್ಟೆ, ದಾರ, ಹುಕ್ಕು, ಸೀರೆ ಫಾಲ್ಸ್, ಮೆಷಿನ್ ಸರ್ವೀಸ್ ಅಂತ 2,500 ನಾನೇ ಕೊಟ್ಟಿದ್ದೆ. ಅದನ್ನು ಆ ದುಡ್ಡಿನಲ್ಲೇ ಕೊಟ್ಟುಬಿಡುವುದರಿಂದ ಖರ್ಚು ಅಂತ ಅನ್ನಿಸಿರಲೇ ಇಲ್ಲ. ನನ್ನ ಆದಾಯ 9,000 ಮಾತ್ರ. ಉದ್ರಿ ಹೇಳಿ ಬ್ಲೌಸು ತೆಗೆದುಕೊಂಡು ಹೋದವರದ್ದನ್ನೂ ಈಗ ಬರೆಯುವುದಿಲ್ಲ. ದುಡ್ಡು ಕೈಗೆ ಬಂದ ತಿಂಗಳು ಬರೆಯುತ್ತೇನೆ.

ಇವೆರಡರಿಂದ 8,100ರಲ್ಲಿ 4,500ಕ್ಕೆ ಲೆಕ್ಕ ಸಿಕ್ಕಿತು. ಉಳಿದದ್ದಕ್ಕೆ ಯುಪಿಐ ಪಟ್ಟಿ ತೆಗೆದು ಒಂದೊಂದೇ ಸಾಲು ನೋಡಿದೆ. ಎರಡು ಮದುವೆಗೆ ಮುಯ್ಯಿ 1,500. ಚಿಕ್ಕವನಿಗೆ ಜ್ವರ ಬಂದಾಗ ಡಾಕ್ಟರು, ಔಷಧಿ 900. ಊರಿಗೆ ಹೋಗಿ ಬಂದದ್ದು 700. ಒಟ್ಟು 3,100. ಆ ತಿಂಗಳು ಮಾತ್ರ ಬರುವ ಖರ್ಚು ಅಂತ ಇಂಥವನ್ನು ಹಾಳೆಯಲ್ಲಿ ಬಿಟ್ಟಿದ್ದೆ. ಆದರೆ ಮುಂದಿನ ತಿಂಗಳು ಗೃಹಪ್ರವೇಶ ಇರುತ್ತದೆ, ಇನ್ನೊಬ್ಬರಿಗೆ ನೆಗಡಿ ಆಗುತ್ತದೆ. ಹೆಸರು ಬೇರೆ ಆದರೂ ಮೊತ್ತ ಹೆಚ್ಚು ಕಡಿಮೆ ಅಷ್ಟೇ. ಇನ್ನೂ 500ಕ್ಕೆ ಲೆಕ್ಕ ಸಿಗಲಿಲ್ಲ. ಅದನ್ನು ‘ಗೊತ್ತಾಗದ್ದು’ ಅಂತಲೇ ಖರ್ಚಿಗೆ ಸೇರಿಸಿದೆ.

ಪಟ್ಟಿ ನೋಡುವಾಗ ಇನ್ನೊಂದು ಕಡೆ ಎಡವುತ್ತಿದ್ದೆ. ನಮ್ಮವರ ಖಾತೆಯಿಂದ ನನ್ನ ಖಾತೆಗೆ ಬಂದ 5,000ವನ್ನು ಆದಾಯ ಅಂತ ಬರೆಯಲು ಹೊರಟಿದ್ದೆ. ಅದು ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದದ್ದು ಅಷ್ಟೇ. ಎಟಿಎಂನಿಂದ ತೆಗೆದದ್ದೂ ಹಾಗೇ. ತೆಗೆದದ್ದನ್ನೂ ಖರ್ಚು ಅಂತ ಬರೆದು, ಅದರಲ್ಲಿ ತಂದ ತರಕಾರಿಯನ್ನೂ ಬರೆದರೆ ಒಂದೇ ದುಡ್ಡು ಎರಡು ಸಲ ಹೋಗುತ್ತದೆ.

ಚೀಟಿ ವಿಷಯದಲ್ಲಿ ನಮ್ಮವರಿಗೂ ನನಗೂ ಸ್ವಲ್ಪ ವಾದ ಆಯಿತು. ‘ಅದು ಉಳಿತಾಯ ಕಣೇ, ಖರ್ಚಲ್ಲಿ ಯಾಕೆ ಹಾಕ್ತೀಯ?’ ಅಂದರು. ಇನ್ನೂ ಚೀಟಿ ಎತ್ತದೆ ಇದ್ದಿದ್ದರೆ ನಾನೂ ಒಪ್ಪುತ್ತಿದ್ದೆ. ನಾವು ಹೋದ ವರ್ಷವೇ ಎತ್ತಿ ಮಹಡಿ ರೂಮಿಗೆ ಹಾಕಿದ್ದೇವೆ. ಎತ್ತಿದ ಮೇಲೆ ಕಟ್ಟುವುದು ಸಾಲದ ಕಂತೇ. ಅದು ಖರ್ಚಿನಲ್ಲೇ ಉಳಿಯಿತು.

ಇಷ್ಟಾದ ಮೇಲೆ 5,400 ಅನ್ನುವುದು ಹಾಳೆಗೂ ಕೈಗೂ ತಾಳೆ ಆಯಿತು. ಆದರೂ ಸರ ಅಡ ಇಡುವುದಕ್ಕೆ ಉತ್ತರ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ವರ್ಷಕ್ಕೊಮ್ಮೆ ಬರುವ ಖರ್ಚು ಬರೆದಾಗ. ಮಾರ್ಚ್‌ನಲ್ಲಿ ಅವು ಯಾವುದೂ ಬಂದಿರಲಿಲ್ಲ, ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ. ಸ್ಕೂಲ್ ಫೀಸು ಇಬ್ಬರದೂ ಸೇರಿ 30,000. ಎಲ್‌ಐಸಿ 9,600. ಹಬ್ಬದ ಬಟ್ಟೆ 7,800. ಬೈಕಿನ ಇನ್ಶೂರೆನ್ಸು ಮತ್ತು ಸರ್ವೀಸು 4,200. ಮನೆ ಕಂದಾಯ 2,400. ಒಟ್ಟು 54,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 4,500.

ಈಗ ಪೂರ್ತಿ ಲೆಕ್ಕ ಹೀಗಾಯಿತು:

```
ಆದಾಯ   28,000 + 9,000 + 4,500 + 2,000  = 43,500
ಖರ್ಚು   20,400 + 17,700 + 4,500         = 42,600
ಉಳಿಕೆ                                   =    900
```

ಈ 17,700ರಲ್ಲಿ ಮೊದಲಿನ 14,100, ಆಮೇಲೆ ಸಿಕ್ಕಿದ 3,100, ಗೊತ್ತಾಗದ 500 ಮೂರೂ ಇವೆ.

ಈ 900 ನೋಡಿ ಇಬ್ಬರೂ ಸುಮ್ಮನೆ ಕೂತೆವು. 3,200ರ ಕಂತಿನ ಮಾತು ಅಲ್ಲಿಗೆ ನಿಂತಿತು.

ಹೊಲಿಗೆಯ 9,000 ಕೂಡ ಪ್ರತಿ ತಿಂಗಳೂ ಬರುವಂಥದ್ದಲ್ಲ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಖರ್ಚು ಕಳೆದು ಬರೆದಿಟ್ಟೆ: 9,000, 6,600, 14,800, 10,500, 5,100, 8,000. ಕೂಡಿ ಆರರಿಂದ ಭಾಗಿಸಿದರೆ 9,000 ಸರಿಯಾಗಿಯೇ ಬರುತ್ತದೆ. ಆದರೆ ಮೇ ತಿಂಗಳು ಮದುವೆ ಬ್ಲೌಸುಗಳು, ಜೂನ್‌ನಲ್ಲಿ ಯೂನಿಫಾರಂ. ಜುಲೈ ಆಷಾಢ, ಮದುವೆ ಇಲ್ಲ, ಮೆಷಿನ್ ಮೇಲೆ ಬಟ್ಟೆಯೇ ಇರುವುದಿಲ್ಲ. 5,100 ಹಾಕಿ ನೋಡಿದರೆ ಆ ತಿಂಗಳು 3,000 ಕೊರತೆ. ಹಾಗಾಗಿ ಮೇ ತಿಂಗಳು ಜಾಸ್ತಿ ಬಂದ 5,800ವನ್ನು ಉಳಿಕೆ ಅಂತ ನಾನು ಕರೆಯುವುದಿಲ್ಲ. ಅದು ಆಷಾಢಕ್ಕೆ ಸೇರಿದ ದುಡ್ಡು.

ವರ್ಷದ ಖರ್ಚಿನ 4,500ನ್ನು ಸಂಬಳ ಬಂದ ದಿನವೇ ಬಳಸದೆ ಇದ್ದ ಒಂದು ಖಾತೆಗೆ ಹಾಕುತ್ತಾ ಬಂದೆ. ಮಾರ್ಚ್‌ನಲ್ಲಿ ಉಳಿದದ್ದರಿಂದ ಹಾಕಿದ್ದೂ ಸೇರಿ ಜೂನ್ ಮೊದಲ ವಾರದ ಹೊತ್ತಿಗೆ ನಾಲ್ಕು ಸಲ ಹಾಕಿದ್ದೆ, 18,000 ಆಗಿತ್ತು. ಸ್ಕೂಲಿನಲ್ಲಿ ಕೇಳಿದೆ, ಫೀಸು ಎರಡು ಕಂತಿಗೆ ಒಪ್ಪಿದರು. 15,000 ಕಟ್ಟಿ ರಸೀದಿ ತಂದೆ. ಸರ ಕತ್ತಿನಲ್ಲೇ ಇತ್ತು.

ಚೀಟಿ ಡಿಸೆಂಬರ್‌ಗೆ ಮುಗಿಯುತ್ತದೆ. ಆಮೇಲೆ ಉಳಿಕೆ 3,900 ಆಗುತ್ತದೆ. ಹಾಳೆಯ ಅಂಚಿನಲ್ಲಿ ನಮ್ಮವರು ಪೆನ್ಸಿಲ್‌ನಿಂದ ‘ಬೈಕು?’ ಅಂತ ಬರೆದಿದ್ದಾರೆ. ಅದರ ಕೆಳಗೆ ನಾನು ಆಷಾಢದ ಲೆಕ್ಕ ಹಾಕಿ ಇಟ್ಟಿದ್ದೇನೆ. ಆ ತಿಂಗಳು ಉಳಿಯುವುದು ಸೊನ್ನೆ.