ಹುಣಸೆ ಬೀಜ ಹಾಕಿಯೂ ಹಾಲು ಇಳಿಯಲಿಲ್ಲ

ಹುಣಸೆ ಬೀಜ ತಿಂದರೆ ಹಸು ಹಾಲು ಬತ್ತಿಸುತ್ತೆ ಅಂತ ಡೈರಿ ಹತ್ತಿರ ಎಲ್ಲರೂ ನಗುತ್ತಿದ್ದರು. ಅವರ ಮಾತು ಪೂರ್ತಿ ಸುಳ್ಳೇನಲ್ಲ. ಸಿಪ್ಪೆ ಸಮೇತ ಬೀಸಿದ ಪುಡಿ ಹಾಕಿದಾಗ ನಮ್ಮ ಮೂರೂ ಹಸುಗಳು ಮೂತಿ ಇಟ್ಟು ಹಿಂದೆ ಸರಿದವು. ಸಗಣಿ ಗಟ್ಟಿ ಉಂಡೆಯಾಯಿತು, ಹಾಲು ಹೊತ್ತಿಗೆ ಒಂದು ಲೀಟರ್ ಹತ್ತಿರ ಇಳಿಯಿತು. ಒಗರೆಲ್ಲ ಇರುವುದು ಆ ಕಂದು ಸಿಪ್ಪೆಯಲ್ಲಿ. ಅದರ ಟ್ಯಾನಿನ್ ಹಿಂಡಿಯ ಪ್ರೋಟೀನನ್ನೂ ಹಿಡಿದಿಟ್ಟುಕೊಳ್ಳುತ್ತೆ, ಅಂದರೆ ದುಡ್ಡು ಕೊಟ್ಟು ತಂದ ಹಿಂಡಿಯೂ ದಂಡ.

ಹಾಗಾಗಿ ಸಿಪ್ಪೆ ಬಿಡಿಸುವುದೇ ಇಲ್ಲಿ ಮುಖ್ಯ ಕೆಲಸ. ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ ಬೀಜ ಹುರಿಯುತ್ತೇನೆ. ಚಟಪಟ ಸದ್ದು ನಿಲ್ಲುವ ಹೊತ್ತಿಗೆ ಸಿಪ್ಪೆ ಬಿರಿದಿರುತ್ತೆ. ಮರಳು ಜರಡಿ ಹಿಡಿದು, ಮಿಲ್ಲಿನಲ್ಲಿ ಒರಟಾಗಿ ಒಡೆಸಿ, ಮೊರದಲ್ಲಿ ಕೇರಿದರೆ ಬಿಳಿ ಬೇಳೆ ಉಳಿಯುತ್ತದೆ. 100 ಕೆಜಿಗೆ 65 ಕೆಜಿ ಬಂದರೆ ಸಂತೋಷ. ಸಿಪ್ಪೆ ಉಳಿದಿದೆಯಾ ಅಂತ ನೋಡಲು ಒಂದು ಲೋಟ ನೀರಿಗೆ ಚಮಚ ಪುಡಿ, ತುಕ್ಕು ಹಿಡಿದ ಮೊಳೆ ಹಾಕಿ ರಾತ್ರಿ ಬಿಡಿ. ನೀರು ಶಾಯಿಯಂತೆ ಕಪ್ಪಾದರೆ ಮತ್ತೆ ಕೇರಬೇಕು.

100 ಕೆಜಿ ಮಿಶ್ರಣಕ್ಕೆ ಬೇಳೆ ಪುಡಿ 20, ಸೂರ್ಯಕಾಂತಿ ಹಿಂಡಿ 30, ಜೋಳದ ನುಚ್ಚು 20, ಗೋಧಿ ಬೂಸಾ 27, ಮಿನರಲ್ ಮಿಕ್ಸ್ಚರ್ 2, ಉಪ್ಪು 1. ಬೀಜ ಸುಗ್ಗಿಯಲ್ಲಿ ಕೆಜಿಗೆ 10 ರೂಪಾಯಿಗೆ ಸಿಕ್ಕಿತ್ತು. ಹುರಿದು ಬೀಸಿದ ಮೇಲೆ 18 ಬಿತ್ತು. ಮಿಶ್ರಣ 26ರ ಆಸುಪಾಸು, ಆಗ ಅಂಗಡಿ ಚೀಲದ್ದು 30 ಇತ್ತು. ದಿನಕ್ಕೆ ಮೂರು ಹಸುವಿಗೆ 16 ಕೆಜಿ, ಹಾಗಾಗಿ ತಿಂಗಳಿಗೆ 1,900 ರೂಪಾಯಿ ಉಳೀತು. ಕೂಲಿ ಕೊಟ್ಟು ಹುರಿಸಿದರೆ ಲೆಕ್ಕ ಕೆಡುತ್ತೆ. ಬೀಜ ಕೆಜಿಗೆ 16 ರೂಪಾಯಿ ದಾಟಿದರೆ ನಾನು ಕೊಳ್ಳಲ್ಲ, ಜೋಳವೇ ವಾಸಿ. ಈ ಮಿಶ್ರಣವನ್ನು ಹತ್ತು ದಿನ ನಿಧಾನವಾಗಿ ಏರಿಸಿದೆ. ಹಾಲು ಇಳಿಯಲಿಲ್ಲ, ಫ್ಯಾಟೂ ಮೊದಲಿನಷ್ಟೇ.

ಸುಮ್ನೆ ನೋಡೋಣ ಅಂತ ಕೋಳಿಗೂ ಹಾಕಿದ್ದೆ. ಬೇಳೆಯಲ್ಲಿ ಅಂಟು ಜಾಸ್ತಿ ಅಲ್ವಾ, ಹಿಕ್ಕೆ ಅಂಟಂಟಾಗಿ ಗೂಡೆಲ್ಲ ಹಾಳು. ಕೋಳಿಗೆ ಬೇಡ.

ಸೂರ್ಯಕಾಂತಿ ಹಿಂಡಿಯನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ತರುತ್ತೇನೆ. ಮುಗ್ಗಲು ವಾಸನೆ ಬಂದರೆ ತಿಪ್ಪೆಗೆ, ಆ ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತೆ. ಸಿಪ್ಪೆ ತೆಗೆಯದ ಹಿಂಡಿಯಲ್ಲಿ ನಾರು ಜಾಸ್ತಿ, ಅದನ್ನು 100 ಕೆಜಿ ಮಿಶ್ರಣಕ್ಕೆ 30 ಕೆಜಿಗಿಂತ ಮೇಲೆ ಹಾಕಲ್ಲ.

ಬಾಳೆ ಕಾಂಡ ಬೇಸಿಗೆಗೆ ಮಾತ್ರ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ, ಹತ್ತು ಕೆಜಿ ಕೊಟ್ಟರೂ ಒಣ ಲೆಕ್ಕದಲ್ಲಿ ಒಂದು ಕೆಜಿಯೂ ಇಲ್ಲ. ಕೊಚ್ಚಿ, ಅರ್ಧ ದಿನ ಬಾಡಿಸಿ, ರಾಗಿ ಹುಲ್ಲಿನ ಜೊತೆ ಹಸುವಿಗೆ ಹತ್ತು ಕೆಜಿ ಒಳಗೆ. ಹೆಚ್ಚಾದರೆ ಭೇದಿ. ಪಕ್ಕದ ತೋಟದ್ದು ತರುವಾಗ ಬುಡಕ್ಕೋ ಸುಳಿಗೋ ಕೀಟನಾಶಕದ ಹರಳು ಹಾಕಿದ್ದಾರಾ ಅಂತ ಕೇಳಿಯೇ ತನ್ನಿ. ಚಿಕ್ಕ ಕರುಗಳಿಗೆ ಹುಣಸೆ ಬೀಜ, ಈ ಹಿಂಡಿ, ಬಾಳೆ ಕಾಂಡ ಮೂರೂ ಬೇಡ.