ಹೆಸರು ಕೊಟ್ಟು ಬಾರದವರಿಗೆ ಏನು ಕಳುಹಿಸಬೇಕು: ಜಿಎಸ್‌ಟಿ ಕಾರ್ಯಾಗಾರಗಳಲ್ಲಿ ನನ್ನ ಅನುಭವ

ನಾನು ವೃತ್ತಿಯಿಂದ ತೆರಿಗೆ ಸಲಹೆಗಾರ. ಸಣ್ಣ ವರ್ತಕರಿಗೂ ಅವರ ಲೆಕ್ಕ ಬರೆಯುವವರಿಗೂ ಜಿಎಸ್‌ಟಿ ಕುರಿತು ಜೂಮ್‌ನಲ್ಲಿ ಉಚಿತ ಕಾರ್ಯಾಗಾರಗಳನ್ನು ನಡೆಸುತ್ತೇನೆ. ಉಚಿತ ಸಭೆಗೆ ಹೆಸರು ನೋಂದಾಯಿಸಿದವರಲ್ಲಿ ಅರ್ಧದಷ್ಟು ಜನ ಬಾರದಿರುವುದು ಸಾಮಾನ್ಯ ಸಂಗತಿ. ಅವರಿಗೆಲ್ಲ ರೆಕಾರ್ಡಿಂಗ್ ಕಳುಹಿಸಬೇಕೋ, ಮತ್ತೊಮ್ಮೆ ಕರೆಯಬೇಕೋ, ಸುಮ್ಮನಿರಬೇಕೋ ಎಂಬುದನ್ನು ನಾನು ಎರಡು ಪ್ರಶ್ನೆಗಳಿಂದ ತೀರ್ಮಾನಿಸುತ್ತೇನೆ: ಅವರು ತಪ್ಪಿಸಿಕೊಂಡದ್ದು ಕೇಳಿ ತಿಳಿಯುವಂಥದ್ದೋ, ಮಾಡಿ ಕಲಿಯುವಂಥದ್ದೋ? ಅದು ಅವರಿಗೆ ಯಾವ ದಿನದೊಳಗೆ ಬೇಕು?

ಇದಕ್ಕೂ ಮೊದಲು ಯಾರು ಬರಲಿಲ್ಲ ಎಂಬುದೇ ಖಚಿತವಾಗಬೇಕು. ಸಭೆ ಮುಗಿದ ಮೇಲೆ ಜೂಮ್ ಕೊಡುವ ವರದಿಯಲ್ಲಿ ಪ್ರತಿಯೊಬ್ಬರೂ ಸೇರಿದ ಸಮಯ, ಹೊರಟ ಸಮಯ ಮತ್ತು ಇದ್ದ ಅವಧಿ ಸಿಗುತ್ತವೆ. ಆದರೆ ಮೊಬೈಲಿನಿಂದ ಸೇರಿದ ಅನೇಕರ ಹೆಸರಿನ ಜಾಗದಲ್ಲಿ ಫೋನಿನ ಹೆಸರಷ್ಟೇ ಇರುತ್ತದೆ. ಕೆಲವರು ಮಗಳ ಅಥವಾ ಅಂಗಡಿಯ ಹುಡುಗನ ಖಾತೆಯಿಂದ ಬಂದಿರುತ್ತಾರೆ. ಎರಡು ಗಂಟೆ ಕುಳಿತು ಕೇಳಿದವರಿಗೆ ‘ನೀವು ಬರಲಾಗಲಿಲ್ಲ’ ಎಂಬ ಸಂದೇಶ ಹೋದರೆ ಅವರಿಗೆ ಬೇಸರವಾಗುವುದು ಸಹಜ. ಆದ್ದರಿಂದ ಹೆಸರು ಹೊಂದದವರನ್ನು ಚಾಟ್‌ನಲ್ಲಿ ಅವರು ಕೇಳಿದ ಪ್ರಶ್ನೆಗಳ ಜೊತೆ ತಾಳೆ ನೋಡುತ್ತೇನೆ. ಹಾಗೂ ಗೊತ್ತಾಗದಿದ್ದರೆ ಬಂದಿದ್ದರು ಎಂದೇ ಎಣಿಸುತ್ತೇನೆ. ಮೂರು ನಾಲ್ಕು ನಿಮಿಷ ಇದ್ದು ಮತ್ತೆ ಮತ್ತೆ ಹೊರಹೋಗಿ ಒಳಬಂದವರನ್ನು ಮಾತ್ರ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತೇನೆ. ಅವರು ಬಾರದವರಲ್ಲ, ನೆಟ್‌ವರ್ಕ್ ಕೈಕೊಟ್ಟವರು. ಮರುದಿನ ಬೆಳಿಗ್ಗೆ ನನ್ನ ಮೊದಲ ಫೋನ್ ಕರೆ ಹೋಗುವುದು ಅವರಿಗೇ.

ಒಂದು ಕಾರ್ಯಾಗಾರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವುದು ಅದರ ವಿಷಯವಾಗಿತ್ತು. ನಮಗೆ ಮಾಲು ಕೊಟ್ಟವರು ಸಲ್ಲಿಸಿದ ವಿವರಗಳಿಂದ ಪ್ರತಿ ತಿಂಗಳ 14ರಂದು 2ಬಿ ತಯಾರಾಗುತ್ತದೆ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು 20ರೊಳಗೆ ಜಿಎಸ್‌ಟಿಆರ್-3ಬಿ ಎಂಬ ರಿಟರ್ನ್ ಸಲ್ಲಿಸಬೇಕು. ನಡುವಿನ ಆ ಕೆಲವೇ ದಿನಗಳಲ್ಲಿ ತಾಳೆ ಮುಗಿಯದಿದ್ದರೆ ಹೂಡುವಳಿ ತೆರಿಗೆಯ, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯ ಕ್ರೆಡಿಟ್ ತಪ್ಪಾಗಿ ತೆಗೆದುಕೊಳ್ಳುವ ಅಥವಾ ಬಿಟ್ಟೇಹೋಗುವ ಸಂಭವವಿರುತ್ತದೆ. ಕಲಿತದ್ದನ್ನು ಆ ತಿಂಗಳೇ ಬಳಸಿಕೊಳ್ಳಬಹುದು ಎಂದು ವರ್ತಕರೇ ಕೇಳಿಕೊಂಡದ್ದರಿಂದ ಸಭೆಯನ್ನು 16ರ ಸಂಜೆಗೆ ಇಟ್ಟಿದ್ದೆವು. ಹೆಸರು ಕೊಟ್ಟವರಲ್ಲಿ ಬಹಳಷ್ಟು ಜನ ಬರಲಿಲ್ಲ. ಅವರು ಯಾರೆಂದು ನೋಡಿದರೆ, ಹೆಚ್ಚಿನವರು ಹಲವು ಅಂಗಡಿಗಳ ಲೆಕ್ಕ ಬರೆಯುವವರು. ಆ ವಾರ ಅವರಿಗೆ ರಾತ್ರಿ ಒಂಬತ್ತಕ್ಕೂ ಬಿಡುವಿರುವುದಿಲ್ಲ. ವಿಷಯದಲ್ಲಿ ಆಸಕ್ತಿ ಇಲ್ಲದೆ ಅವರು ದೂರ ಉಳಿದಿರಲಿಲ್ಲ. ಅದೇ ಕೆಲಸದಲ್ಲಿ ಮುಳುಗಿದ್ದರಿಂದ ಬಂದಿರಲಿಲ್ಲ.

ಅಂದಿನ ಸಭೆಯಲ್ಲಿ ಎರಡು ಭಾಗಗಳಿದ್ದವು. ಪೋರ್ಟಲ್‌ನಿಂದ 2ಬಿಯನ್ನು ಎಕ್ಸೆಲ್ ಫೈಲಾಗಿ ಇಳಿಸಿಕೊಳ್ಳುವುದು, ಬಿಲ್ ಸಂಖ್ಯೆಯ ಬರಹ ಎರಡೂ ಕಡೆ ಒಂದೇ ರೀತಿ ಇರುವಂತೆ ಸರಿಪಡಿಸುವುದು ಇವು ಮೊದಲ ಭಾಗ. ಭಾಗವಹಿಸಿದವರು ತಮ್ಮ ತಮ್ಮ ಖರೀದಿ ಪುಸ್ತಕ ತೆರೆದು ಹೊಂದದ ಬಿಲ್ಲುಗಳನ್ನು ಒಂದೊಂದಾಗಿ ಬಿಡಿಸಿದ್ದು ಎರಡನೆಯದು. ಮೊದಲನೆಯದನ್ನು ನೋಡಿ ಕಲಿಯಬಹುದು, ಎರಡನೆಯದನ್ನು ಕೈಯಿಟ್ಟೇ ಕಲಿಯಬೇಕು. ಅಲ್ಲದೆ ಎರಡನೆಯ ಭಾಗದಲ್ಲಿ ಪರದೆಯ ಮೇಲೆ ಬೇರೆಯವರ ವಹಿವಾಟು, ಅವರಿಗೆ ಮಾಲು ಕೊಡುವವರ ಜಿಎಸ್‌ಟಿ ಸಂಖ್ಯೆ, ಖರೀದಿ ದರ ಎಲ್ಲವೂ ಕಾಣುತ್ತವೆ. ಒಂದೇ ಪೇಟೆಯ ಇಬ್ಬರು ವ್ಯಾಪಾರಿಗಳ ನಡುವೆ ಇಂಥ ವಿವರ ಹಂಚಿಕೆಯಾಗುವುದನ್ನು ನಾನು ಎಂದಿಗೂ ಒಪ್ಪಲಾರೆ. ಹಾಗಾಗಿ ಮೊದಲ ಭಾಗವನ್ನು ಮಾತ್ರ ಕತ್ತರಿಸಿ, ಸುಮಾರು ಇಪ್ಪತ್ತು ನಿಮಿಷಕ್ಕೆ ಇಳಿಸಿ, ಯೂಟ್ಯೂಬಿನಲ್ಲಿ ಅನ್‌ಲಿಸ್ಟೆಡ್ ಆಗಿ ಹಾಕಿದೆ. ಅನ್‌ಲಿಸ್ಟೆಡ್ ಎಂದರೆ ಹುಡುಕಿದರೆ ಸಿಗದಿರುವುದಷ್ಟೇ, ಗುಟ್ಟಾಗಿರುವುದಲ್ಲ; ಕೊಂಡಿ ಸಿಕ್ಕ ಯಾರು ಬೇಕಾದರೂ ನೋಡಬಹುದು. ವಿವರಣೆಯಲ್ಲಿ 00:00ಯಿಂದ ಆರಂಭಿಸಿ ಅಧ್ಯಾಯಗಳ ಸಮಯ ಬರೆದೆ. ಕೆಲಸದ ನಡುವೆ ನೋಡುವವರಿಗೆ ತಮಗೆ ಬೇಕಾದ ಎರಡು ನಿಮಿಷ ಎಲ್ಲಿದೆ ಎಂಬುದು ತಕ್ಷಣ ಕಾಣಬೇಕು.

ಕೊಂಡಿ 17ರ ಮಧ್ಯಾಹ್ನದೊಳಗೆ ಹೋಯಿತು. 21ಕ್ಕೆ ಹೋಗಿದ್ದರೆ ಆ ತಿಂಗಳ ಮಟ್ಟಿಗೆ ಅದರಿಂದ ಯಾವ ಉಪಯೋಗವೂ ಇರುತ್ತಿರಲಿಲ್ಲ. ಸಂದೇಶ ಹೀಗಿತ್ತು: ‘ನಮಸ್ಕಾರ. 2ಬಿ ಇಳಿಸಿಕೊಂಡು ಖರೀದಿ ಪುಸ್ತಕದ ಜೊತೆ ಜೋಡಿಸುವ ಬಗೆಯನ್ನು ತೋರಿಸಿದ ಭಾಗ ಇಲ್ಲಿದೆ. ಬಿಲ್ ಸಂಖ್ಯೆ ಹೊಂದದೆ ತೊಂದರೆಯಾಗಿದ್ದರೆ ಎಂಟನೇ ನಿಮಿಷದಿಂದ ನೋಡಿ. ಸಂದೇಹವಿದ್ದರೆ ಇಲ್ಲೇ ಬರೆಯಿರಿ.’ ಬರಲಿಲ್ಲವೆಂಬ ಮಾತನ್ನು ಅದರಲ್ಲಿ ಎತ್ತಲಿಲ್ಲ. ಮುಂದಿನ ಸಭೆಯ ಆಹ್ವಾನವನ್ನೂ ಉದ್ದೇಶಪೂರ್ವಕವಾಗಿ ಸೇರಿಸಲಿಲ್ಲ, ಏಕೆಂದರೆ ಎರಡೂ ಒಂದೇ ಸಂದೇಶದಲ್ಲಿದ್ದರೆ ಜನ ವೀಡಿಯೊ ತೆರೆಯುತ್ತಾರೆ, ಆಹ್ವಾನಕ್ಕೆ ಉತ್ತರಿಸುವುದು ಉಳಿದುಹೋಗುತ್ತದೆ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಬಳಸುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ: ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹೊಸದಾಗಿ ಹೆಸರು ಕೊಟ್ಟವರಿಗೆ ಒಬ್ಬೊಬ್ಬರಿಗಾಗಿಯೇ ಕಳುಹಿಸಬೇಕು.

ಎರಡನೆಯ ಭಾಗಕ್ಕೆ ಹೊಸ ಆಹ್ವಾನವೇ ಸರಿ. ಅದನ್ನು 23ರಂದು ಕಳುಹಿಸಿದೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಕರ್ನಾಟಕದ ವರ್ತಕರಿಗೆ 3ಬಿಯ ಗಡುವು 22 ಆದ್ದರಿಂದ, ಅದು ದಾಟುವವರೆಗೆ ಕಾಯುವುದು ಒಳ್ಳೆಯದು. ಈ ಆಹ್ವಾನ ಎಲ್ಲರಿಗೂ ಹೋಗಲಿಲ್ಲ. ವೀಡಿಯೊ ನೋಡಿ ಏನಾದರೂ ಕೇಳಿದವರಿಗೆ, ಬರಲಾಗದು ಎಂದು ಮೊದಲೇ ತಿಳಿಸಿದ್ದವರಿಗೆ, ಮತ್ತು ನೆಟ್‌ವರ್ಕ್ ತಪ್ಪಿದವರಿಗೆ ಮಾತ್ರ ಹೋಯಿತು. ಹತ್ತು ಹನ್ನೆರಡು ಜನರ ಸಭೆಯಾದರೆ ಪ್ರತಿಯೊಬ್ಬರ ಫೈಲನ್ನೂ ನೋಡಬಹುದು. ಎರಡು ಸಂಜೆಗಳನ್ನು ಸೂಚಿಸಿ, ಯಾವುದು ಅನುಕೂಲವೆಂದು ಬರೆಯಲು ಕೇಳಿಕೊಂಡೆ. ದಿನವನ್ನು ತಾವೇ ಆರಿಸಿ ಉತ್ತರ ಬರೆದವರು ಬರುತ್ತಾರೆ. ಗುಂಡಿ ಒತ್ತಿ ನೋಂದಾಯಿಸಿದವರ ಬಗ್ಗೆ ಅಷ್ಟು ಭರವಸೆ ಇಡಲಾಗದು.

ಏನನ್ನೂ ಕಳುಹಿಸದಿರುವುದನ್ನು ನಾನು ಉಪೇಕ್ಷೆ ಎಂದು ಭಾವಿಸುವುದಿಲ್ಲ. ಹಲವು ಬಾರಿ ಹೆಸರು ಕೊಟ್ಟು ಒಮ್ಮೆಯೂ ಬಾರದೆ, ಕಳುಹಿಸಿದ ಯಾವುದಕ್ಕೂ ಉತ್ತರಿಸದವರಿಗೆ ಬೆನ್ನು ಬಿಡದೆ ಬರೆದರೆ ಅವರು ನಮ್ಮ ಸಂಖ್ಯೆಯನ್ನು ಬ್ಲಾಕ್ ಮಾಡುತ್ತಾರೆ, ಮುಂದೆ ನಿಜವಾಗಿ ಬೇಕಾದ ಸೂಚನೆಯೂ ಅವರನ್ನು ತಲುಪುವುದಿಲ್ಲ. ಅವರ ಹೆಸರು ಮುಂದಿನ ಕಾರ್ಯಾಗಾರದ ಸಾಮಾನ್ಯ ಪ್ರಕಟಣೆಯ ಪಟ್ಟಿಯಲ್ಲಿ ಉಳಿಯುತ್ತದೆ, ಅಷ್ಟು ಸಾಕು. ಇನ್ನು ವಿಷಯವೇ ಹಳತಾಗಿದ್ದರೆ ಯಾರಿಗೂ ಕಳುಹಿಸಕೂಡದು. 2025ರ ಸೆಪ್ಟೆಂಬರ್ 22ರಿಂದ ಅನೇಕ ಸರಕುಗಳ ಜಿಎಸ್‌ಟಿ ದರ ಬದಲಾಯಿತು. ಅದಕ್ಕೂ ಹಿಂದೆ ದರಗಳ ಬಗ್ಗೆ ನಡೆಸಿದ್ದ ಸಭೆಯ ರೆಕಾರ್ಡಿಂಗ್ ಬೇಕೆಂದು ಕೆಲವರು ಆಮೇಲೂ ಕೇಳಿದರು. ನಾನು ಕೊಡಲಿಲ್ಲ, ಹಳೆಯ ಕೊಂಡಿಯನ್ನೂ ತೆಗೆದುಹಾಕಿದೆ. ಅದನ್ನು ನಂಬಿ ಒಬ್ಬ ಅಂಗಡಿಯವರು ಹಳೆಯ ದರದಲ್ಲಿ ಬಿಲ್ ಹಾಕಿದರೆ ಗಿರಾಕಿಗೂ ನಷ್ಟ, ಅವರಿಗೂ ತೊಂದರೆ.

ಕಳುಹಿಸಿದ್ದು ಪ್ರಯೋಜನಕ್ಕೆ ಬಂದಿತೇ ಎಂಬುದನ್ನು ವೀಕ್ಷಣೆಯ ಸಂಖ್ಯೆಯಿಂದ ತಿಳಿಯಲಾಗದು. ಯೂಟ್ಯೂಬ್ ಎಷ್ಟು ಜನ ಯಾವ ನಿಮಿಷದವರೆಗೆ ನೋಡಿದರೆಂದು ಹೇಳುತ್ತದೆಯೇ ಹೊರತು ಯಾರೆಂದು ಹೇಳುವುದಿಲ್ಲ. ನನಗೆ ಸುಳಿವು ಕೊಡುವುದು ಮರಳಿ ಬರುವ ಪ್ರಶ್ನೆಗಳು. ‘ಸರ್, ಮಾಲು ಕೊಟ್ಟವರು ರಿಟರ್ನ್ ಸಲ್ಲಿಸಿಲ್ಲ, ಆ ಬಿಲ್ಲು 2ಬಿಯಲ್ಲಿ ಕಾಣುತ್ತಿಲ್ಲ, ಈಗ ಕ್ರೆಡಿಟ್ ತೆಗೆದುಕೊಳ್ಳಬಹುದೇ?’ ಎಂದು ಒಬ್ಬರು ಕೇಳಿದರೆ, ಅವರು ವೀಡಿಯೊ ನೋಡಿ ಫೈಲನ್ನೂ ತೆರೆದಿದ್ದಾರೆ ಎಂದರ್ಥ. ಅಂಥವರಿಗೆ ‘ಈ ತಿಂಗಳು ಬೇಡ, 2ಬಿಯಲ್ಲಿ ಬಂದ ತಿಂಗಳು ತೆಗೆದುಕೊಳ್ಳಿ, ಅಷ್ಟರಲ್ಲಿ ಅವರಿಗೆ ಫೋನ್ ಮಾಡಿ ಕೇಳಿ’ ಎಂದು ಉತ್ತರಿಸಿ, ಸಣ್ಣ ಸಭೆಯ ಪಟ್ಟಿಗೆ ಅವರ ಹೆಸರನ್ನು ಸೇರಿಸುತ್ತೇನೆ.